ಹತ್ತೊಂಬತ್ತು ನಿಮಿಷದ ಸುದ್ದಿ

"ನಮ್ಮ ಶಾಲೆಯಲ್ಲಿ ವನಮಹೋತ್ಸವವು ಅದ್ದೂರಿಯಾಗಿ ಜರುಗಿತು. ಮುಖ್ಯ ಅತಿಥಿಗಳು ಸಸಿ ನೆಟ್ಟು ಕಾರ್ಯಕ್ರಮ ಉದ್ಘಾಟಿಸಿದರು. ಎಲ್ಲರಿಗೂ ಸಿಹಿ ಹಂಚಲಾಯಿತು. ವಂದನಾರ್ಪಣೆಯೊಂದಿಗೆ ಕಾರ್ಯಕ್ರಮವು ಮುಕ್ತಾಯಗೊಂಡಿತು."

ಈ ನಾಲ್ಕು ಸಾಲು ಓದ್ತಿದ್ದ ಹಾಗೇ ನಿಮಗೆ ನಿಮ್ಮ ಸ್ಕೂಲಿನ ವರದಿ ವಾಚನ ನೆನಪಾಗಿರಬೇಕು. ಇದನ್ನು ಬರೆದದ್ದು ನನ್ನ ಏಳನೇ ಕ್ಲಾಸಿನ ಮಕ್ಕಳು, ನಮ್ಮ ತರಗತಿ ಪತ್ರಿಕೆಯ ಮೊದಲ ಸಂಚಿಕೆಗೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಸುದ್ದಿಯೂ ಒಂದೂ ಇರಲಿಲ್ಲ.

ನಾನಿರೋದು ತುಮಕೂರು ನಗರದಲ್ಲಿ, ಪಾಠ ಮಾಡೋದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಸುತ್ತ ತೆಂಗು, ಅಡಿಕೆ ತೋಟ. ಒಂದರಿಂದ ಎಂಟನೇ ಕ್ಲಾಸಿನವರೆಗೆ ಒಟ್ಟು 96 ಮಕ್ಕಳು. ನನ್ನ ಜೊತೆ ಡಿ.ಎಡ್. ಮಾಡಿದ ಗೆಳತಿಯೊಬ್ಬಳು ಕುಣಿಗಲ್ ಕಡೆಯ ಶಾಲೆಯಲ್ಲಿದ್ದಾಳೆ. ನಮ್ಮ ಪತ್ರಿಕೆ ನಿಜವಾದ ಪತ್ರಿಕೆ ಆಗಿದ್ದು ಅವಳ ಶಾಲೆಯ ಮಕ್ಕಳಿಂದ.

ಮೊದಲ ಸಂಚಿಕೆಯ ಒಂದು ಪ್ರತಿಯನ್ನ ಕುಣಿಗಲ್‌ಗೆ ಅಂಚೆಯಲ್ಲಿ ಕಳಿಸಿದ್ವಿ. ಒಂದು ವಾರಕ್ಕೆ ಉತ್ತರ ಬಂತು. ಅಲ್ಲಿನ ಮಕ್ಕಳು ಪ್ರಶ್ನೆಗಳ ಪಟ್ಟಿಯನ್ನೇ ಕಳಿಸಿದ್ರು. "ಯಾವ ಸಸಿ ನೆಟ್ಟಿರಿ? ಎಷ್ಟು? ಈಗ ಬದುಕಿವೆಯಾ? ನೀರು ಹಾಕೋರು ಯಾರು? ಸಿಹಿ ಅಂದ್ರೆ ಯಾವುದು?" ಕೊನೆಯಲ್ಲಿ, "ಗುಬ್ಬಿಯಲ್ಲಿ ಗುಬ್ಬಿಗಳು ಇದಾವಾ?"

ನಮ್ಮ ಮಕ್ಕಳು ಪತ್ರ ಓದಿ ಮೊದಲು ನಕ್ಕರು. ಆಮೇಲೆ ಸೀದಾ ಕಾಂಪೌಂಡ್ ಹತ್ತಿರ ಓಡಿದ್ರು. ಹತ್ತು ಹೊಂಗೆ ಸಸಿಯಲ್ಲಿ ಏಳು ಉಳಿದಿದ್ವು. ಎರಡನ್ನ ಮೇಕೆ ತಿಂದಿತ್ತು, ಒಂದು ಒಣಗಿತ್ತು. "ಮಿಸ್, ಇದನ್ನೇ ಬರೀಬಹುದಿತ್ತಲ್ವಾ?" ಅಂತ ಒಬ್ಬಳು ಕೇಳಿದಳು. ಬರೆಯಬಹುದು ಅಂತ ಅವರಿಗೆ ಹೊಳೆದದ್ದು ಆವತ್ತು.

ಶಾಲೆಯೊಳಗೇ ಓದುವ ಪತ್ರಿಕೆಯ ತೊಂದರೆ ಇದೇ. ಕಾರ್ಯಕ್ರಮಕ್ಕೆ ಎಲ್ಲರೂ ಬಂದಿರ್ತಾರೆ. ಆಗಲೇ ಗೊತ್ತಿರೋರಿಗೆ ಏನು ಹೇಳೋದು? ಹಾಗಾಗಿ ಬರವಣಿಗೆ ತಾನಾಗೇ ಆಹ್ವಾನ ಪತ್ರಿಕೆಯ ಭಾಷೆಗೆ ಜಾರುತ್ತೆ. ಅಲ್ಲಿ ಇಲ್ಲದೇ ಇದ್ದ ಒಬ್ಬ ಓದುಗ ಸಿಕ್ಕಿದ ಕೂಡಲೇ, "ಯಾವ ಸಸಿ, ಎಷ್ಟು" ಅನ್ನೋದು ಮುಖ್ಯ ಆಗುತ್ತೆ.

ಇದು ನಾವು ಕಂಡುಹಿಡಿದದ್ದೇನಲ್ಲ. ಫ್ರಾನ್ಸ್‌ನ ದಕ್ಷಿಣದ ಗುಡ್ಡಗಾಡಿನ ಬಾರ್-ಸುರ್-ಲೂ ಎಂಬ ಹಳ್ಳಿಯಲ್ಲಿ ಸೆಲೆಸ್ತಾಂ ಫ್ರೆನೆ ಅಂತ ಒಬ್ಬ ಮೇಷ್ಟ್ರು ಇದ್ದರು. ಮೊದಲ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಗಾಯವಾಗಿತ್ತು. ಹೆಚ್ಚು ಹೊತ್ತು ಮಾತಾಡಿ ಪಾಠ ಮಾಡೋದು ಅವರಿಗೆ ಕಷ್ಟವಾಗಿತ್ತು. 1920ರ ದಶಕದಲ್ಲಿ ಅವರು ಕ್ಲಾಸಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದರು. ಮಕ್ಕಳೇ ಅಚ್ಚುಮೊಳೆ ಜೋಡಿಸಿ ತಮ್ಮ ಬರಹ ಮುದ್ರಿಸಿದರು. ಅದನ್ನ ದೇಶದ ಇನ್ನೊಂದು ಮೂಲೆಯ ಸಮುದ್ರತೀರದ ಶಾಲೆಗೆ ಕಳಿಸಿದರು, ಅಲ್ಲಿಂದಲೂ ತರಿಸಿಕೊಂಡರು. ಗುಡ್ಡದ ಮಕ್ಕಳಿಗೆ ಮೀನುಗಾರರ ಮಕ್ಕಳು ಓದುಗರಾದರು. ನಮ್ಮ ರಾಜ್ಯದಲ್ಲೂ ದುಡಿಯುವ ಮಕ್ಕಳ ಭೀಮ ಸಂಘದಿಂದ 'ಭೀಮ ಪತ್ರಿಕೆ' ಎಂಬ ಗೋಡೆ ಪತ್ರಿಕೆ ಬರ್ತಿತ್ತು. ನಮ್ಮಲ್ಲಿ ಅಚ್ಚಿನ ಯಂತ್ರ ಇಲ್ಲ. ಎ-3 ಹಾಳೆ, ಕಪ್ಪು ಪೆನ್ನು ಮತ್ತು ತುಮಕೂರಿನ ಜೆರಾಕ್ಸ್ ಅಂಗಡಿ ಇದೆ.

ಪತ್ರಿಕೆ ತಯಾರಾಗೋ ರೀತಿ ಸರಳ. ಒಂದು ಎ-3 ಹಾಳೆಯನ್ನ ನಡುವೆ ಮಡಚಿದರೆ ನಾಲ್ಕು ಪುಟ. ಹಾಳೆ ಬಿಚ್ಚಿದಾಗ ಒಂದು ಮತ್ತು ನಾಲ್ಕನೇ ಪುಟ ಒಂದೇ ಬದಿಯಲ್ಲಿರುತ್ತೆ, ಎರಡು ಮತ್ತು ಮೂರು ಹಿಂಬದಿಯಲ್ಲಿ. ಇದನ್ನ ಮಾತಲ್ಲಿ ಹೇಳಿದರೆ ಮಕ್ಕಳಿಗೆ ತಲೆಗೆ ಹೋಗೋದಿಲ್ಲ. ಖಾಲಿ ಹಾಳೆ ಮಡಚಿ, ಪುಟದ ನಂಬರ್ ಬರೆದು, ಬಿಚ್ಚಿ ನೋಡಿದರೆ ಒಂದು ನಿಮಿಷದಲ್ಲಿ ಅರ್ಥ ಆಗುತ್ತೆ. ಪ್ರತಿ ಪುಟಕ್ಕೆ ಎರಡು ಕಾಲಂ. ಒಂದು ಸುದ್ದಿಗೆ ಅರವತ್ತರಿಂದ ಎಂಬತ್ತು ಪದ, ಅದಕ್ಕಿಂತ ಜಾಸ್ತಿ ಜಾಗ ಇಲ್ಲ. ಪೆನ್ಸಿಲ್ ಗೆರೆಯೂ ಹಳದಿ ಬಣ್ಣವೂ ಜೆರಾಕ್ಸ್‌ನಲ್ಲಿ ಸರಿಯಾಗಿ ಬರೋದಿಲ್ಲ, ಅದಕ್ಕೆ ಕಪ್ಪು ಪೆನ್ನು. ಸೋಮವಾರ ಯಾರು ಏನು ಬರೀತಾರೆ ಅನ್ನೋ ಮೀಟಿಂಗ್, ಗುರುವಾರ ಬರಹ ಕೊಡೋದು, ಶನಿವಾರ ಬೆಳಗಿನ ಸ್ಕೂಲಲ್ಲಿ ಅಂಟಿಸೋದು. ತಿಂಗಳಿಗೆ ಒಂದು ಸಂಚಿಕೆ.

ಎರಡನೇ ಸಂಚಿಕೆಯ ಮೀಟಿಂಗ್‌ನಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ, "ಮಿಸ್, ನಲ್ಲಿ ಬಗ್ಗೆ ಬರೀತೀನಿ" ಅಂದ. ಅವನ ಮೊದಲ ಬರಹ ಒಂದೇ ಸಾಲು: "ನಮ್ಮ ಶಾಲೆಯಲ್ಲಿ ನೀರಿನ ಸಮಸ್ಯೆ ಇದೆ." ಉಳಿದವರು ಕುಣಿಗಲ್ ಮಕ್ಕಳ ಧಾಟಿಯಲ್ಲೇ ಅವನ ಮೇಲೆ ಮುಗಿಬಿದ್ದರು. "ಎಷ್ಟು ನಲ್ಲಿ? ಏನು ಸಮಸ್ಯೆ? ಯಾರಿಗೆ?"

ವಿಷಯ ಇಷ್ಟು. ಬಿಸಿಯೂಟ ಆದಮೇಲೆ ಮಕ್ಕಳು ತಟ್ಟೆ ತೊಳೆಯೋ ಜಾಗದಲ್ಲಿ ಆರು ನಲ್ಲಿ ಇವೆ, ನೀರು ಬರೋದು ಎರಡರಲ್ಲಿ. ಚಿಕ್ಕ ಮಕ್ಕಳು ಮೊದಲು ತೊಳೆಯಬೇಕು ಅನ್ನೋದು ನಿಯಮ, ಅದು ಸರಿಯೇ. ಹಾಗಾಗಿ ಏಳು ಮತ್ತು ಎಂಟನೇ ಕ್ಲಾಸಿನವರು ಸಾಲಿನ ಕೊನೆಗೆ. ಅವರು ತಟ್ಟೆ ತೊಳೆದು ಬರೋಷ್ಟರಲ್ಲಿ ಬೆಲ್ ಆಗಿರುತ್ತೆ. ಕ್ಲಾಸಿಗೆ ತಡವಾಗಿ ಬಂದ್ರಿ ಅಂತ ಬೈಗುಳ. "ನಾವು ಆಟ ಆಡ್ಕೊಂಡು ತಡ ಮಾಡ್ತೀವಿ ಅನ್ಕೊಂಡವ್ರೆ" ಅಂದ ಅವನು. ಅವನಿಗೆ ಇದು ಬರೀ ನೀರಿನ ವಿಷಯ ಆಗಿರಲಿಲ್ಲ. ತಾನು ಸುಳ್ಳುಗಾರ ಅಲ್ಲ ಅಂತ ಹೇಳಬೇಕಿತ್ತು.

ಈ ಹುಡುಗನ ಅಕ್ಷರ ಯಾರಿಗೂ ಓದೋಕೆ ಬರೋದಿಲ್ಲ. ಬಹುತೇಕ ಶಾಲೆಗಳ ಗೋಡೆ ಪತ್ರಿಕೆಯಲ್ಲಿ ಇಂಥ ಮಕ್ಕಳ ಹೆಸರು ಬರೋದೇ ಇಲ್ಲ. ಅಕ್ಷರ ದುಂಡಗಿರೋ ಮೂರ್ನಾಲ್ಕು ಹೆಣ್ಣುಮಕ್ಕಳೇ ಎಲ್ಲವನ್ನೂ ಬರೀತಾರೆ. ಪತ್ರಿಕೆ ಇಡೀ ಕ್ಲಾಸಿನದ್ದೋ ನಾಲ್ಕು ಜನರದ್ದೋ ಅಂತ ತಿಳಿಯೋಕೆ ಸಂಚಿಕೆಯಲ್ಲಿರೋ ಹೆಸರುಗಳನ್ನ ಎಣಿಸಿದರೆ ಸಾಕು. ನಮ್ಮಲ್ಲಿ ವರದಿಗಾರ ಬೇರೆ, ಬರೆಯೋರು ಬೇರೆ. ನೋಡಿ, ಕೇಳಿ, ಎಣಿಸಿಕೊಂಡು ಬಂದವನು ಹೇಳ್ತಾನೆ, ಇನ್ನೊಬ್ಬಳು ಬರೀತಾಳೆ, ಅವನು ಓದಿಸಿ ಕೇಳಿ ಒಪ್ಪುತ್ತಾನೆ. ಸುದ್ದಿಯ ಕೆಳಗೆ ಮೊದಲು ಅವನ ಹೆಸರು.

ಅವನು ನನ್ನ ಕೈಗಡಿಯಾರ ಇಸ್ಕೊಂಡು ನಲ್ಲಿ ಹತ್ತಿರ ನಿಂತ. ಹತ್ತು ಮಕ್ಕಳು ತಟ್ಟೆ ತೊಳೆಯೋಕೆ ತಗೊಂಡ ಸಮಯ ಬರೆದು ಸರಾಸರಿ ತೆಗೆದ. ಒಬ್ಬರಿಗೆ ಸುಮಾರು 20 ಸೆಕೆಂಡ್. ಕ್ಲಾಸಿನ ಬೋರ್ಡ್ ಮೇಲೆ ಎಲ್ಲರೂ ಸೇರಿ ಲೆಕ್ಕ ಹಾಕಿದ್ರು. 96 ಮಕ್ಕಳು, ಎರಡು ನಲ್ಲಿ, ಅಂದ್ರೆ ಒಂದು ನಲ್ಲಿಗೆ 48 ಜನ. 48 ಗುಣಿಸು 20, ಒಟ್ಟು 960 ಸೆಕೆಂಡ್, ಅಂದ್ರೆ 16 ನಿಮಿಷ. ಮಾರನೇ ದಿನ ಗಡಿಯಾರ ಹಿಡಿದು ನಿಜವಾಗಿ ಅಳೆದಾಗ ಕೊನೆಯ ಹುಡುಗ ತಟ್ಟೆ ತೊಳೆದದ್ದು 19ನೇ ನಿಮಿಷಕ್ಕೆ. ಮೂರು ನಿಮಿಷ ಎಲ್ಲಿಂದ ಬಂತು ಅಂತ ಜಗಳ ಶುರುವಾಯ್ತು. ಒಂದನೇ ಕ್ಲಾಸಿನವರು ನೀರಲ್ಲಿ ಆಡ್ತಾರೆ, ನಡುವೆ ನೂಕಾಟ ಆಗುತ್ತೆ, ಕೆಲವರು ನೀರು ಕುಡಿಯೋಕೂ ಅಲ್ಲೇ ಬರ್ತಾರೆ. ಯಾವ ಸಂಖ್ಯೆ ಹಾಕೋದು? ಲೆಕ್ಕದ 16 ಅಲ್ಲ, ಕಣ್ಣಲ್ಲಿ ಕಂಡ 19 ಹಾಕಬೇಕು ಅಂತ ಮಕ್ಕಳೇ ತೀರ್ಮಾನಿಸಿದ್ರು. ಒಂದೇ ದಿನ ನೋಡಿದ್ರೆ ಸಾಲದು ಅಂತ ಇನ್ನೂ ಎರಡು ದಿನ ಅಳೆದ್ರು. ಒಂದು ದಿನ 18, ಇನ್ನೊಂದು ದಿನ ಮತ್ತೆ 19.

ಇನ್ನುಳಿದದ್ದು, ಯಾಕೆ ನೀರು ಬರ್ತಿಲ್ಲ ಅನ್ನೋ ಪ್ರಶ್ನೆ. ಅದಕ್ಕೆ ನೀರುಗಂಟಿಯವರ ಸಂದರ್ಶನ. ಸಂದರ್ಶನಕ್ಕೆ ಹೋಗೋ ಮಕ್ಕಳು ಸಾಮಾನ್ಯವಾಗಿ ಹತ್ತು ಪ್ರಶ್ನೆ ಬರ್ಕೊಂಡು ಹೋಗ್ತಾರೆ. ನಿಮ್ಮ ಹೆಸರೇನು, ನಿಮ್ಮ ಇಷ್ಟದ ತಿಂಡಿ ಯಾವುದು, ವಿದ್ಯಾರ್ಥಿಗಳಿಗೆ ನಿಮ್ಮ ಸಂದೇಶವೇನು. ಮೊದಲ ಉತ್ತರ ಮುಗಿಯೋ ಮೊದಲೇ ಕಣ್ಣು ಎರಡನೇ ಪ್ರಶ್ನೆ ಮೇಲಿರುತ್ತೆ. ಅದಕ್ಕೆ ನಮ್ಮಲ್ಲಿ ಮೂರೇ ಪ್ರಶ್ನೆ ಬರ್ಕೊಂಡು ಹೋಗಬೇಕು. ಮಿಕ್ಕಿದ್ದು "ಆಮೇಲೆ?" ಮತ್ತು "ಅಂದ್ರೆ ಹೇಗೆ?" ಅನ್ನೋ ಎರಡು ಮಾತು. ಒಬ್ಬರು ಕೇಳ್ತಾರೆ, ಇಬ್ಬರು ಬರ್ಕೋತಾರೆ, ಕೊನೆಗೆ ಬರ್ಕೊಂಡದ್ದನ್ನ ಅವರ ಮುಂದೆಯೇ ಓದಿ ಹೇಳ್ತಾರೆ.

ನೀರುಗಂಟಿ ಅಜ್ಜ ಹೇಳಿದ್ದು ಮಕ್ಕಳ ಪುಸ್ತಕದಲ್ಲಿ ಹೀಗಿತ್ತು: "ಎರಡು ನಲ್ಲಿದು ತಿರುಪೋ ಪಿಡಿ ಮುರ್ದೋಗೈತೆ, ಪ್ಲಾಸ್ಟಿಕ್ಕಿಂದು. ಹುಡುಗ್ರು ಅದರ ಮೇಲೆ ತೂಗಾಡ್ತವೆ. ಆ ಕೊನೆ ಎರಡಕ್ಕೆ ನೀರೇ ಹೋಗಲ್ಲ. ಬೋರ್ ನೀರು ನೋಡಿ, ಪೈಪಿನೊಳಗೆ ಸುಣ್ಣ ಕಟ್ಕಂಡೈತೆ." "ಅಂದ್ರೆ ಹೇಗೆ?" ಅಂತ ಒಬ್ಬಳು ಕೇಳಿದಾಗ, ಅಜ್ಜ ಹಿಂದೆ ಬಿಚ್ಚಿ ಎಸೆದಿದ್ದ ಪೈಪಿನ ತುಂಡು ತಂದು ತೋರಿಸಿದ್ರು. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕಟ್ಟಿಕೊಂಡು, ಬೆರಳು ತೂರೋಷ್ಟೂ ಜಾಗ ಇರಲಿಲ್ಲ. ಮನೆಯಲ್ಲಿ ನೀರು ಕಾಯಿಸೋ ಪಾತ್ರೆಯ ತಳದಲ್ಲಿ ಕೂರೋ ಬಿಳಿ ಪದರವೇ ಇದು ಅಂತ ಮಕ್ಕಳಿಗೆ ಕೂಡಲೇ ಗೊತ್ತಾಯ್ತು.

ಬರೆಯೋಕೆ ಕೂತಾಗ ಅದೇ ಮಕ್ಕಳು ಅಜ್ಜನ ಮಾತನ್ನ "ಕೊಳವೆಗಳಲ್ಲಿ ಸುಣ್ಣದ ಅಂಶವು ಶೇಖರಣೆಗೊಂಡಿರುತ್ತದೆ ಎಂದು ಅವರು ತಿಳಿಸಿದರು" ಅಂತ ಮಾಡಿದ್ರು. ಓದಿ ಹೇಳಿಸಿದಾಗ ಅಜ್ಜನ ಮೊಮ್ಮಗಳೇ, "ನಮ್ಮ ತಾತ ಹಿಂಗೆ ಮಾತಾಡಲ್ಲ" ಅಂದಳು. ವರದಿಯ ಭಾಗ ಪುಸ್ತಕದ ಕನ್ನಡದಲ್ಲಿ, ಮಾತಾಡಿದವರ ಮಾತು ಅವರದೇ ಕನ್ನಡದಲ್ಲಿ ಅಂತ ಆವತ್ತಿಂದ ನಿಯಮ. 'ಐತೆ' ಅಂತ ಅಚ್ಚಾದರೆ ತಪ್ಪಲ್ವಾ ಅಂತ ಕೆಲವರಿಗೆ ಈಗಲೂ ಅನುಮಾನ. ಹೇಳಿದವರು ಐತೆ ಅಂದಿದ್ರೆ 'ಇದೆ' ಅಂತ ಹಾಕೋದೇ ತಪ್ಪು ಅಂತ ನಾನು ಹೇಳ್ತೀನಿ.

ಇಷ್ಟೆಲ್ಲ ಆದಮೇಲೆ ಸುದ್ದಿ ಎಚ್.ಎಂ. ಸರ್ ಟೇಬಲ್ ಮೇಲೆ ಬಂತು. ಅವರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ರು. "ಮೇಡಂ, ಇದು ಕುಣಿಗಲ್‌ಗೂ ಹೋಗುತ್ತಲ್ವಾ? ಯಾರಾದ್ರೂ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದ್ರೆ? ಶಾಲೆ ಮರ್ಯಾದೆ ಪ್ರಶ್ನೆ." ಅವರ ಭಯ ಸುಳ್ಳಲ್ಲ. ಹಳ್ಳಿ ಶಾಲೆಯ ಒಂದು ಕೆಟ್ಟ ಫೋಟೋ ಎಲ್ಲಿಗೆ ಬೇಕಾದರೂ ಹೋಗುತ್ತೆ, ವಿವರಣೆ ಕೊಡಬೇಕಾದವರು ಅವರೇ. ವನಮಹೋತ್ಸವದ ಸುದ್ದಿ ಯಾರಿಗೂ ನೋವು ಮಾಡೋದಿಲ್ಲ, ಇದು ಮಾಡಬಹುದು.

ಬಾಗಿಲಲ್ಲಿ ನಿಂತಿದ್ದ ಹುಡುಗ, "ಸರ್, ನಿಮ್ಮನ್ನೂ ಕೇಳ್ಬೇಕು, ನಿಮ್ಮ ಉತ್ತರನೂ ಹಾಕ್ತೀವಿ" ಅಂದ. ಅವನು ಬರ್ಕೊಂಡು ಬಂದಿದ್ದು ಎರಡು ಪ್ರಶ್ನೆ. ನಲ್ಲಿ ಕೆಟ್ಟಿರೋದು ನಿಮಗೆ ಯಾವಾಗ ಗೊತ್ತಾಯ್ತು? ಏನು ಮಾಡಿದ್ರಿ? ಸರ್ ಫೈಲ್ ತೆಗೆದು ಗ್ರಾಮ ಪಂಚಾಯಿತಿಗೆ ಬರೆದ ಪತ್ರದ ಪ್ರತಿ ತೋರಿಸಿದ್ರು. ಎರಡು ತಿಂಗಳ ಹಿಂದಿನ ತಾರೀಕು, ಸೀಲೂ ಇತ್ತು. ಅದು ನನಗೂ ಗೊತ್ತಿರಲಿಲ್ಲ. ಹುಡುಗ ತಾರೀಕು ಬರ್ಕೊಂಡ. ಸುದ್ದಿಗೆ ಎರಡು ಸಾಲು ಸೇರಿತು: ಮುಖ್ಯ ಶಿಕ್ಷಕರು ಇಂಥ ದಿನ ಪತ್ರ ಬರೆದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಅದೇ ಸುದ್ದಿ ಈಗ ಸರ್‌ಗೂ ಬೇಕಾದ ಸುದ್ದಿ ಆಯ್ತು. ಯಾರ ಮೇಲೆ ದೂರು ಇದೆಯೋ ಅವರನ್ನ ಕೇಳದೆ ಹಾಕಬಾರದು ಅನ್ನೋ ನಿಯಮವನ್ನ ನಾನು ಬೋರ್ಡ್ ಮೇಲೆ ಬರೆದು ಹೇಳಿಕೊಟ್ಟಿದ್ದರೆ ಇಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ.

ಅದರ ಪಕ್ಕದಲ್ಲೇ ವ್ಯಂಗ್ಯಚಿತ್ರ ಬೇಕಿತ್ತು. ಮೊದಲು ಬಂದ ಚಿತ್ರದಲ್ಲಿ ನಲ್ಲಿಗೆ ಅಡ್ಡ ನಿಂತ ಒಬ್ಬ ದಪ್ಪ ಹುಡುಗ, ಹಿಂದಿನವರಿಗೆ ದಾರಿಯೇ ಇಲ್ಲ. ಎಲ್ಲರೂ ನಕ್ಕರು, ಒಬ್ಬನನ್ನ ಬಿಟ್ಟು. ಯಾರು ಅಂತ ಇಡೀ ಕ್ಲಾಸಿಗೆ ಗೊತ್ತಿತ್ತು. ಆಗ ನಾನು ಚಿತ್ರ ಬರೆದವನನ್ನ ಕೇಳಿದ್ದು ಒಂದೇ: "ನೀರು ಬರದೇ ಇರೋದು ಇವನಿಂದಲಾ?" ಅಲ್ಲ ಅಂತ ತಲೆ ಆಡಿಸಿದ. ಹಾಗಾದ್ರೆ ಈ ಚಿತ್ರ ತಮಾಷೆ ಮಾಡ್ತಿರೋದು ನಲ್ಲಿಯನ್ನಲ್ಲ, ಮೈಯನ್ನ. ಕಾರ್ಟೂನ್ ತಪ್ಪು ದಾರಿ ಹಿಡಿದಿದೆ ಅಂತ ಗೊತ್ತಾಗೋದು ಹೀಗೇ. ತೊಂದರೆಗೆ ಕಾರಣ ಅಲ್ಲದವರನ್ನ ತೆಗೆದು ನೋಡಿದ್ರೆ ನಗು ಉಳಿಯಬೇಕು. ಉಳಿಯದಿದ್ದರೆ ಅದು ಅಣಕ ಅಷ್ಟೇ.

ಕನ್ನಡದ ಹಾಸ್ಯಪತ್ರಿಕೆ 'ಕೊರವಂಜಿ'ಗೆ ಎಳೆಯ ವಯಸ್ಸಲ್ಲಿ ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ ಅವರ ಚೌಕುಳಿ ಕೋಟಿನ 'ಶ್ರೀಸಾಮಾನ್ಯ'ನ ಒಂದೆರಡು ಚಿತ್ರ ಮಕ್ಕಳಿಗೆ ತೋರಿಸಿದೆ. ಆತ ಬಾಯೇ ಬಿಡೋದಿಲ್ಲ, ನೋಡ್ತಾ ನಿಂತಿರ್ತಾನೆ ಅಷ್ಟೇ. ಮಾರನೇ ದಿನ ಬಂದ ಚಿತ್ರದಲ್ಲಿ ಉದ್ದನೆಯ ಸಾಲು. ಸಾಲಿನ ಮುಂದೆ ಒಂದನೇ ಕ್ಲಾಸಿನ ಮಗು. ಕೊನೆಯಲ್ಲಿ ತಟ್ಟೆ ಹಿಡಿದ ಒಬ್ಬನಿಗೆ ಮೊಣಕಾಲವರೆಗೆ ಬಿಳಿ ಗಡ್ಡ. ತಟ್ಟೆಯಲ್ಲಿ ಇರುವೆಗಳ ಇನ್ನೊಂದು ಸಾಲು. ಮಾತು ಒಂದೂ ಇಲ್ಲ. ಈ ಸಲ ಎಲ್ಲರೂ ನಕ್ಕರು, ಎಚ್.ಎಂ. ಸರ್ ಕೂಡ.

ಆ ಶನಿವಾರ ಸಂಜೆ ತುಮಕೂರಿನಲ್ಲಿ ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿದೆ. ಒಂದು ನೋಟಿಸ್ ಬೋರ್ಡಿಗೆ, ಒಂದು ಎಸ್.ಡಿ.ಎಂ.ಸಿ. ಅಧ್ಯಕ್ಷರಿಗೆ, ಒಂದು ಪಂಚಾಯಿತಿಗೆ, ಒಂದು ಕುಣಿಗಲ್‌ಗೆ, ಉಳಿದವು ಮನೆಗಳಿಗೆ.

ಕುಣಿಗಲ್‌ನಿಂದ ಬಂದ ಸಂಚಿಕೆಯೂ ಬದಲಾಗಿತ್ತು. ನಮ್ಮ ಮಕ್ಕಳು ಕಳಿಸಿದ್ದ ಪ್ರಶ್ನೆ, "ನಿಮ್ಮೂರಿನ ಸ್ಟಡ್ ಫಾರಂ ಕುದುರೆಗಳು ಯಾವಾಗ ಮಲಗ್ತವೆ?" ಅದಕ್ಕೆ ಅವರು ಕುದುರೆ ನೋಡಿಕೊಳ್ಳೋ ಕೆಲಸ ಮಾಡಿ ಗೊತ್ತಿರೋ ಒಬ್ಬರನ್ನ ಹುಡುಕಿ ಮಾತಾಡಿಸಿದ್ರು. "ನಿಂತ್ಕಂಡೇ ತೂಕಡಿಸ್ತವೆ. ಗಾಢ ನಿದ್ದೆ ಬೇಕು ಅಂದ್ರೆ ಮಲ್ಕೋತವೆ, ಅದೂ ಸ್ವಲ್ಪ ಹೊತ್ತು. ಭಯ ಇದ್ರೆ ಮಲ್ಕೋಳಲ್ಲ." ದಿನಾ ಆ ಬೇಲಿ ಪಕ್ಕದಲ್ಲೇ ನಡೆದು ಬರೋ ಮಕ್ಕಳಿಗೆ ಅದುವರೆಗೆ ಈ ಪ್ರಶ್ನೆ ಹೊಳೆದಿರಲಿಲ್ಲವಂತೆ. ಪ್ರಶ್ನೆ ಹೊರಗಿನಿಂದ ಬರಬೇಕಾಯ್ತು.

ನಲ್ಲಿಯ ಕಥೆ ಏನಾಯ್ತು ಅಂತ ನೀವು ಕೇಳ್ತೀರಿ, ಕುಣಿಗಲ್ ಮಕ್ಕಳೂ ಕೇಳಿದ್ರು. ಪತ್ರಿಕೆ ಬಂದ ಕೂಡಲೇ ಎಲ್ಲ ಸರಿಹೋಯ್ತು ಅನ್ನೋ ಹಾಗಿಲ್ಲ. ಎಸ್.ಡಿ.ಎಂ.ಸಿ.ಯವರು ಪಿಡಿ ಮುರಿದಿದ್ದ ಎರಡು ನಲ್ಲಿಯನ್ನ ಮೂರು ವಾರದಲ್ಲಿ ಬದಲಾಯಿಸಿದ್ರು, ಈ ಸಲ ಹಿತ್ತಾಳೆಯದ್ದು. ಕೊನೆಯ ಎರಡಕ್ಕೆ ಪೈಪೇ ಬದಲಾಗಬೇಕು, ಅದು ಪಂಚಾಯಿತಿಯ ಕೆಲಸ, ಇನ್ನೂ ಆಗಿಲ್ಲ. ಮಕ್ಕಳು ಮತ್ತೆ ಲೆಕ್ಕ ಹಾಕಿದ್ರು: ನಾಲ್ಕು ನಲ್ಲಿಗೆ 8 ನಿಮಿಷ. ಅಳೆದಾಗ 10. ಏಳು, ಎಂಟನೇ ಕ್ಲಾಸಿನವರು ಈಗ ಬೆಲ್‌ಗೆ ಮೊದಲೇ ಒಳಗಿರ್ತಾರೆ.

ಮೂರನೇ ಸಂಚಿಕೆಯ ಮೊದಲ ಪುಟದಲ್ಲಿ ಇದು ಬಂದಿದೆ. ನಾಲ್ಕು ಸಾಲಿನ ಸುದ್ದಿ, ಕೆಳಗೆ ಅದೇ ಹುಡುಗನ ಹೆಸರು. ಕೊನೆಯ ವಾಕ್ಯ ಅವನೇ ಹೇಳಿ ಬರೆಸಿದ್ದು: "ಎರಡು ನಲ್ಲಿ ಬಾಕಿ ಇವೆ. ಮುಂದಿನ ಸಂಚಿಕೆಗೆ ಮತ್ತೆ ಹೋಗಿ ನೋಡುತ್ತೇವೆ."